ದಿನದ ಪಾಸೋ, ತಿಂಗಳ ಮೇಜೋ?

ಮೈಸೂರಿನಲ್ಲಿ ಇಪ್ಪತ್ತು ಮೇಜುಗಳ ಒಂದು ಸಣ್ಣ ಕೋವರ್ಕಿಂಗ್ ಜಾಗ ಇದೆ ಎಂದಿಟ್ಟುಕೊಳ್ಳಿ. ಬಾಡಿಗೆ, ಕರೆಂಟು, ಇಂಟರ್ನೆಟ್, ಕಸ ಗುಡಿಸುವವರ ಸಂಬಳ ಎಲ್ಲ ಸೇರಿ ತಿಂಗಳಿಗೆ 80,000 ರೂಪಾಯಿ ಖರ್ಚು. ಇಪ್ಪತ್ತರಿಂದ ಭಾಗಿಸಿ ಮೇಜಿಗೆ 4,000 ಎಂದು ಬೋರ್ಡು ಹಾಕಿದರೆ ಕೈ ಸುಟ್ಟುಕೊಂಡಂತೆಯೇ, ಏಕೆಂದರೆ ಎಲ್ಲ ಮೇಜೂ ಸದಾ ತುಂಬಿರುವುದಿಲ್ಲ. ಹದಿನಾಲ್ಕು ತುಂಬುತ್ತವೆ ಎಂದು ಲೆಕ್ಕ ಹಿಡಿದರೆ ಅಸಲೇ 5,700 ದಾಟುತ್ತದೆ. ಹಾಗಾಗಿ ದರ 6,000.

ಎಡವುವುದು ದಿನದ ಪಾಸಿನಲ್ಲಿ. ತಿಂಗಳಿಗೆ ಇಪ್ಪತ್ತೈದು ದಿನವೆಂದು ಭಾಗಿಸಿ 240 ರೂಪಾಯಿ ಇಟ್ಟರೆ ತಿಂಗಳ ಮೇಜು ಯಾರಿಗೆ ಬೇಕು? ವಾರಕ್ಕೆ ಮೂರು ದಿನ ಬರುವವರು ಸುಮಾರು 3,100 ಕೊಟ್ಟು ಹೋಗುತ್ತಾರೆ. ಅವರು ಬಾರದ ದಿನ ಆ ಮೇಜಿಗೆ ಬೇರೆ ಗಿರಾಕಿ ಸಿಗುವ ಖಾತ್ರಿಯಿಲ್ಲ. 500 ಇಟ್ಟರೆ ಹನ್ನೆರಡು ದಿನಕ್ಕೆ ಎರಡೂ ಸಮ. ಹದಿಮೂರನೆಯ ದಿನಕ್ಕೆ ತಿಂಗಳ ಮೇಜೇ ಅಗ್ಗ. ನನ್ನ ಮಟ್ಟಿಗೆ ಇದೇ ಸರಿಯಾದ ಗಡಿ.

ಮೇಜು ಹಿಡಿಯುವವರು ನೀವಾದರೆ, ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ. ಶೇ 18 ಸೇರಿದರೆ 6,000 ಹೋಗಿ 7,080 ಆಗುತ್ತದೆ.