ಡೆಲಿವರಿ ಒಪ್ಪಂದ: ಒಪ್ಪಿಗೆ ಒತ್ತುವ ಮುಂಚೆ ನೋಡಬೇಕಾದ ಮೂರು ಕಡೆ

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿಗೆ, ಆಳಂದದ ಓಣಿಗಳಿಗೆ ಪಾರ್ಸೆಲ್ ಮುಟ್ಟಿಸುವ ಹುಡುಗರು ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಿದ ದಿನವೇ ಒಂದು ಕರಾರಿಗೆ ಸಹಿ ಹಾಕಿದಂತೆ. ಅದರಲ್ಲಿ ನಿಮ್ಮನ್ನು ನೌಕರ ಎನ್ನದೆ ‘ಸ್ವತಂತ್ರ ಗುತ್ತಿಗೆದಾರ’ ಎಂದು ಬರೆದಿರುತ್ತದೆ. ಹಾಗಂತ ರಕ್ಷಣೆಯೇ ಇಲ್ಲ ಅಂದುಕೊಳ್ಳಬೇಡಿ. ಇಂಥವರಿಗಾಗಿಯೇ 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಕರಾರು ನಿಮಗೆ ತಿಳಿಯುವ ಸರಳ ಭಾಷೆಯಲ್ಲಿ ಇರಬೇಕು ಎನ್ನುತ್ತದೆ ಈ ಕಾಯ್ದೆ. ಷರತ್ತು ಬದಲಿಸುವುದಿದ್ದರೆ 14 ದಿನ ಮೊದಲೇ ಹೇಳಬೇಕು.

ಮೊದಲನೆಯದು, ಕಡಿತ. ಒಂದು ಉದಾಹರಣೆ ನೋಡಿ. ವಾರಕ್ಕೆ 250 ಪಾರ್ಸೆಲ್, ಒಂದಕ್ಕೆ 14 ರೂಪಾಯಿ ಅಂದರೆ 3,500 ರೂ. ಆಯಿತು. ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ, ಶೇ. 1ರಂತೆ 35 ರೂ. ಹೋಯಿತು. ಗಿರಾಕಿಗಳಿಂದ ಪಡೆದ ನಗದಿನಲ್ಲಿ 600 ರೂ. ಕಟ್ಟುವುದು ಬಾಕಿ ಇತ್ತು, ಅದನ್ನೂ ಹಿಡಿದರು. ಕಳೆದುಹೋದ ಪಾರ್ಸೆಲ್ ಎಂದು 450 ರೂ. ‘ರಿಕವರಿ’. ಖಾತೆಗೆ ಬಂದದ್ದು 2,415 ರೂ. ಹಿಡಿದದ್ದರಲ್ಲಿ 600 ನಿಮ್ಮ ಜೇಬಿನಲ್ಲೇ ಇದೆ, ಅದು ನಷ್ಟವಲ್ಲ. ನಿಮ್ಮ ಆದಾಯಕ್ಕೆ ತೆರಿಗೆ ಬರದಿದ್ದರೆ 35 ರೂ. ರಿಟರ್ನ್ ಸಲ್ಲಿಸಿದಾಗ ವಾಪಸ್ ಬರುತ್ತದೆ. ಪ್ರಶ್ನೆ ಮಾಡಬೇಕಾದದ್ದು ಆ 450. ಯಾವ ಪಾರ್ಸೆಲ್, ಯಾವ ದಿನ, ಕಳೆದದ್ದು ಹಬ್‌ನಲ್ಲೋ ನಿಮ್ಮ ಕೈಯಲ್ಲೋ? ಕಡಿತಕ್ಕೆ ಕಾರಣ ಹೇಳುವುದು ಕಂಪನಿಯ ಹೊಣೆ. ಕಾಯ್ದೆಯ ಕಲ್ಯಾಣ ಶುಲ್ಕವನ್ನೂ ಕಂಪನಿಯೇ ಕಟ್ಟಬೇಕು. ಅದು ನಿಮ್ಮ ಗಳಿಕೆಯಿಂದ ಹೋಗುವ ಹಣವಲ್ಲ.

ಎರಡನೆಯದು, ಐಡಿ ಬ್ಲಾಕ್. ನಗದು ಕಟ್ಟದೆ ಮಿತಿ ಮೀರಿದರೆ, ಸೆಲ್ಫಿ ಹೊಂದಿಕೆಯಾಗದಿದ್ದರೆ, ಮುಟ್ಟಿಸದ ಪಾರ್ಸೆಲ್‌ಗೆ ‘ಡೆಲಿವರ್ಡ್’ ಒತ್ತಿದರೆ, ಐಡಿಯನ್ನು ತಮ್ಮನಿಗೋ ಗೆಳೆಯನಿಗೋ ಕೊಟ್ಟರೆ ಸಾಮಾನ್ಯವಾಗಿ ಖಾತೆ ನಿಲ್ಲುತ್ತದೆ. ಇದು ತಾತ್ಕಾಲಿಕವೋ ಕಾಯಮೋ ಎಂದು ಮೊದಲು ಕೇಳಿ. ನಗದಿನ ಕಾರಣವಾದರೆ ಬಾಕಿ ಕಟ್ಟಿದ ಮೇಲೆ ಸಾಮಾನ್ಯವಾಗಿ ತೆರೆಯುತ್ತದೆ. ಕಾಯಮಾಗಿ ತೆಗೆಯುವುದಾದರೆ ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಬೇಕು. ದೈಹಿಕ ಹಾನಿಯಂಥ ಗಂಭೀರ ಪ್ರಕರಣಕ್ಕೆ ಮಾತ್ರ ವಿನಾಯಿತಿ. ಯಾವ ಯಾವ ಕಾರಣಕ್ಕೆ ತೆಗೆಯಬಹುದೆಂಬ ಪೂರ್ಣ ಪಟ್ಟಿ ಕರಾರಿನಲ್ಲೇ ಇರಬೇಕು.

ಮೂರನೆಯದು, ತಕರಾರು. ‘ವ್ಯಾಜ್ಯ ಬೆಂಗಳೂರಿನಲ್ಲಿ ಮಧ್ಯಸ್ಥಗಾರರ ಮುಂದೆ’ ಎಂಬಂಥ ಸಾಲು ಕಂಡು ಹಲವರು ಕೈಬಿಡುತ್ತಾರೆ. ಅಷ್ಟು ದೂರ ಹೋಗುವ ಮುಂಚೆ ಹತ್ತಿರದ ಮೆಟ್ಟಿಲುಗಳಿವೆ. ಆ್ಯಪ್‌ನಲ್ಲೇ ದೂರು ಕೊಟ್ಟು ಟಿಕೆಟ್ ಸಂಖ್ಯೆ ಬರೆದಿಡಿ. ಯಂತ್ರದ ಉತ್ತರವೇ ಬರುತ್ತಿದ್ದರೆ ಮಾತಾಡಲು ಒಬ್ಬ ಮನುಷ್ಯನನ್ನು ಕೇಳಿ, ಕಾಯ್ದೆ ಅದಕ್ಕೂ ಅವಕಾಶ ಕೊಟ್ಟಿದೆ. ಆಮೇಲೆ ಕಂಪನಿಯ ಆಂತರಿಕ ವ್ಯಾಜ್ಯ ಸಮಿತಿ, ಇಲ್ಲವೇ ಸರ್ಕಾರದ ಕುಂದುಕೊರತೆ ಅಧಿಕಾರಿ. ದಾರಿ ತಿಳಿಯದಿದ್ದರೆ ಕಲಬುರಗಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ. ಅದಕ್ಕೆ ಏಜೆಂಟರು ಬೇಕಿಲ್ಲ.

ಒಂದು ಮಾತು ನೆನಪಿಡಿ. ಐಡಿ ಬ್ಲಾಕ್ ಆದ ಮೇಲೆ ಆ್ಯಪ್ ಒಳಗಿನ ಲೆಕ್ಕ ನಿಮಗೆ ಕಾಣದೇ ಹೋಗಬಹುದು. ಅದಕ್ಕೇ ಕರಾರು, ವಾರದ ಪಾವತಿ, ನಗದು ಕಟ್ಟಿದ ರಸೀದಿ ಇವುಗಳ ಸ್ಕ್ರೀನ್‌ಶಾಟ್ ಪ್ರತಿ ವಾರ ತೆಗೆದು ಮನೆಯವರ ಮೊಬೈಲಿಗೂ ಕಳಿಸಿಡಿ.