ಸಂದರ್ಶನಕ್ಕೆ ಮುನ್ನ ಒಂದು ಪುಟ್ಟ ಮೆಸೇಜು

ಕಾರ್ಖಾನೆಯ ಎಚ್‌ಆರ್ ಫೋನ್ ಮಾಡಿ, 'ಗುರುವಾರ ಹನ್ನೊಂದಕ್ಕೆ ಇಂಟರ್‌ವ್ಯೂ, ಡಾಕ್ಯುಮೆಂಟ್ಸ್ ತನ್ನಿ' ಎಂದು ಹೇಳಿ ಇಟ್ಟುಬಿಡುತ್ತಾರೆ. ಯಾವ ಗುರುವಾರ? ಯಾವ ಘಟಕ? ಪೀಣ್ಯದಲ್ಲಿ ಒಂದೇ ಕಂಪನಿಗೆ ಎರಡು ಗೇಟು, ಎರಡು ವಿಳಾಸ ಇರುವುದುಂಟು. ಡಿಪ್ಲೊಮಾ ಮುಗಿಸಿದ ಅಭ್ಯರ್ಥಿ ಅದೇ ದಿನ ಹೀಗೆ ಬರೆದರೆ ಸಾಕು:

"ನಮಸ್ಕಾರ ಮೇಡಂ. ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಯ ಸಂದರ್ಶನಕ್ಕೆ ಜೂನ್ 12, ಗುರುವಾರ ಬೆಳಿಗ್ಗೆ 11ಕ್ಕೆ ಪೀಣ್ಯ 2ನೇ ಹಂತದ ಘಟಕಕ್ಕೆ ಬರುತ್ತೇನೆ. ಎಸ್ಸೆಸ್ಸೆಲ್ಸಿ, ಡಿಪ್ಲೊಮಾ ಅಂಕಪಟ್ಟಿಗಳ ಮೂಲಪ್ರತಿ, ಒಂದು ಸೆಟ್ ಜೆರಾಕ್ಸ್, ಆಧಾರ್ ಪ್ರತಿ, ಎರಡು ಫೋಟೊ ತರುತ್ತೇನೆ. ಲಿಖಿತ ಪರೀಕ್ಷೆಯೂ ಅಂದೇ ಇದೆಯೇ?"

ಕೆಳಗೆ ಪೂರ್ತಿ ಹೆಸರು.

ದಿನಾಂಕ, ವಾರ ಎರಡನ್ನೂ ಬರೆದಿರುವುದು ಸುಮ್ಮನೆ ಅಲ್ಲ. ಎರಡೂ ತಾಳೆಯಾಗದಿದ್ದರೆ ತಪ್ಪು ಆಗಲೇ ಎಚ್‌ಆರ್ ಕಣ್ಣಿಗೆ ಬೀಳುತ್ತದೆ. ಕೊನೆಗೆ ಒಂದೇ ಪ್ರಶ್ನೆ ಇಟ್ಟಿದ್ದೂ ಲೆಕ್ಕಾಚಾರವೇ. ನಾಲ್ಕು ಪ್ರಶ್ನೆ ಕೇಳಿದರೆ ಒಂದಕ್ಕೂ ಉತ್ತರ ಬರದಿರಬಹುದು. ಪರೀಕ್ಷೆ ಇದ್ದರೆ ಮಧ್ಯಾಹ್ನದವರೆಗೆ ಕೂರಬೇಕಾಗುತ್ತದೆ. ತುಮಕೂರಿನಿಂದ ಬಂದು ಹೋಗುವವರಿಗೆ ಅದು ಮೊದಲೇ ಗೊತ್ತಿರಬೇಕು. ಸಂದರ್ಶನ ವಿಡಿಯೊದಲ್ಲಾದರೆ ವಿಳಾಸದ ಬದಲು, ಲಿಂಕ್ ಯಾವ ಇಮೇಲಿಗೆ ಬರುತ್ತದೆಂದು ಕೇಳಿ.

ಮೂಲ ಅಂಕಪಟ್ಟಿ ಪರಿಶೀಲನೆಗಷ್ಟೇ. ತೋರಿಸಿ, ವಾಪಸ್ ಪಡೆಯಿರಿ. ಉತ್ತರದಲ್ಲಿ 'ನೋಂದಣಿ ಶುಲ್ಕ' ಕಳಿಸಿ ಎಂದು ಬಂದರೆ ಹಣ ಹಾಕಬೇಡಿ, ಕಂಪನಿಯ ಕಚೇರಿಗೇ ಫೋನ್ ಮಾಡಿ ವಿಚಾರಿಸಿ.