ಮೊಡವೆ ತೆಗೆಯಿರಿ, ಮಚ್ಚೆ ಇರಲಿ

"ಸರ್, ಫೋಟೊ ಚೆನ್ನಾಗಿ ಬಂದಿದೆ. ಸ್ವಲ್ಪ ಟಚಪ್ ಮಾಡಿ ಕಳಿಸಿ." ಮದುವೆ ಪ್ರೊಫೈಲಿಗೆಂದು ಫೋಟೊ ತೆಗೆಸಿದವರು ಸ್ಟುಡಿಯೋಗೆ ಬರೆಯುವ ಇಮೇಲ್ ಸಾಮಾನ್ಯವಾಗಿ ಇಷ್ಟೇ. ಆ 'ಸ್ವಲ್ಪ' ಎಷ್ಟು ಅನ್ನುವುದು ಆಗ ಫೋಟೊಗ್ರಾಫರ್ ಕೈಗೆ ಹೋಗುತ್ತದೆ. ಅವರ ಕೈಗೋ ಒಂದು ರೂಢಿ ಬಿದ್ದಿರುತ್ತದೆ: ಚರ್ಮ ನುಣುಪು, ಬಣ್ಣ ತಿಳಿ, ಗಲ್ಲ ಸಣ್ಣ. ಗಿರಾಕಿಗಳೇ ಕೇಳಿ ಕೇಳಿ ಕಲಿಸಿದ ರೂಢಿ ಅದು. ಮೈಬಣ್ಣ ನೋಡಿ ಸಂಬಂಧ ಹುಡುಕುವ ಸೌಲಭ್ಯವನ್ನು ಶಾದಿ ಡಾಟ್ ಕಾಮ್ 2020ರಲ್ಲೇ ತೆಗೆದುಹಾಕಿತು. ಸ್ಟುಡಿಯೋಗಳ ಕಂಪ್ಯೂಟರಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಾಗಾಗಿ ಇಮೇಲಿನಲ್ಲಿ ಬೇಕಾದ್ದನ್ನು ಬರೆದಷ್ಟೇ ಬಿಡಿಸಿ ಬೇಡವಾದದ್ದನ್ನೂ ಬರೆಯಬೇಕು. ಹಸಿರು ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು, ಕನ್ನಡಕ ಹಾಕಿಕೊಂಡೇ ಫೋಟೊ ತೆಗೆಸಿಕೊಂಡ ಹುಡುಗಿಯೊಬ್ಬಳು ಹೀಗೆ ಬರೆಯಬಹುದು:

"ನಮಸ್ಕಾರ ಸರ್. DSC_0418 ಮತ್ತು DSC_0431, ಈ ಎರಡನ್ನು ಆರಿಸಿದ್ದೇನೆ. 0418ರಲ್ಲಿ ಗಲ್ಲದ ಮೇಲಿನ ಮೊಡವೆ, ಮೂಗಿನ ಮೇಲೆ ಉದುರಿದ ಕುಂಕುಮ, ಹಣೆಯ ಮೇಲೆ ಹಾರಿದ ಒಂದೆರಡು ಕೂದಲು ತೆಗೆಯಿರಿ. ಭುಜದ ಹತ್ತಿರ ಸೇಫ್ಟಿ ಪಿನ್ ಕಾಣುತ್ತಿದೆ, ಅದೂ ಹೋಗಲಿ. ಫೋಟೊ ಪೂರ್ತಿ ಹಳದಿ ಹೊಡೆಯುತ್ತಿದೆ. ಮಲ್ಲಿಗೆ ಹೂವು ಬೆಳ್ಳಗೆ ಕಾಣುವಷ್ಟು ಮಾತ್ರ ಹಳದಿ ಕಡಿಮೆ ಮಾಡಿ. ಮುಖದ ಬಣ್ಣ ಬೇರೆಯಾಗಿ ತಿಳಿ ಮಾಡುವುದು ಬೇಡ. ತುಟಿಯ ಮೇಲಿನ ಮಚ್ಚೆ, ಹುಬ್ಬಿನ ಗಾಯದ ಗುರುತು, ಹಲ್ಲಿನ ಸಂದು ಹಾಗೇ ಇರಲಿ. ಮೂಗು, ಗಲ್ಲ, ಸೊಂಟ ಸಣ್ಣ ಮಾಡಬೇಡಿ. ಮೊದಲು 0418 ಒಂದನ್ನೇ ಮಾಡಿ ಕಳಿಸಿ; ನೋಡಿ ಹೇಳುತ್ತೇನೆ, ಆಮೇಲೆ ಇನ್ನೊಂದು."

ಇದರಲ್ಲಿ ಏನು ಹೋಗಬೇಕು, ಏನು ಉಳಿಯಬೇಕು ಅನ್ನುವುದಕ್ಕೆ ಆಧಾರ ಒಂದೇ. ಕೆಲವು ದಿನ ಕಳೆದರೆ ತಾನಾಗಿ ಹೋಗುವುದನ್ನು ಅಳಿಸಬಹುದು. ಹುಡುಗನ ಮನೆಯವರು ಬಂದಾಗಲೂ ಮುಖದ ಮೇಲೆ ಇರುವಂಥದ್ದನ್ನು ಮುಟ್ಟಬಾರದು. ಫೈಲಿನ ಹೆಸರು, ಮುಖದ ಜಾಗ ಎರಡೂ ಬರೆದಿರುವುದರಿಂದ ಮಚ್ಚೆಯನ್ನು ಮೊಡವೆ ಅಂದುಕೊಂಡು ಒರೆಸಿಹಾಕುವ ಎಡವಟ್ಟೂ ತಪ್ಪುತ್ತದೆ.

ಹೆಚ್ಚು ತಕರಾರು ಹುಟ್ಟುವುದು ಬಣ್ಣದ ವಿಷಯದಲ್ಲಿ. "ಬ್ರೈಟ್ ಮಾಡಿ" ಅಂದರೆ ಬಹಳ ಕಡೆ "ಬೆಳ್ಳಗೆ ಮಾಡಿ" ಎಂದೇ ಕೇಳಿಸುತ್ತದೆ. ನಿಜಕ್ಕೂ ಇವು ಎರಡು ಬೇರೆ ಕೆಲಸ. ಹಳದಿ ಬಲ್ಬಿನ ಬೆಳಕಲ್ಲಿ ತೆಗೆದ ಫೋಟೊದಲ್ಲಿ ಗೋಡೆ, ಸೀರೆ, ಮುಖ ಎಲ್ಲಕ್ಕೂ ಹಳದಿ ಬಳಿದಂತಿರುತ್ತದೆ. ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಅದು ಎಲ್ಲ ಕಡೆಯಿಂದಲೂ ಒಟ್ಟಿಗೆ ಇಳಿಯುತ್ತದೆ. ಮುಖ ತಿಳಿ ಮಾಡುವುದಾದರೆ ಮುಖದ ಭಾಗವನ್ನು ಮಾತ್ರ ಆರಿಸಿ ಬೆಳಗಿಸುತ್ತಾರೆ. ಇಮೇಲಿನಲ್ಲಿ ಮಲ್ಲಿಗೆಯ ಮಾತು ಬಂದದ್ದು ಅದಕ್ಕೇ: ಚಿತ್ರದೊಳಗೇ ಒಂದು ಬಿಳಿ ವಸ್ತು ತೋರಿಸಿಕೊಟ್ಟರೆ ಎಲ್ಲಿ ನಿಲ್ಲಿಸಬೇಕೆಂದು ಫೋಟೊಗ್ರಾಫರಿಗೂ ತಿಳಿಯುತ್ತದೆ. ಹುಡುಗನ ಫೋಟೊ ಆದರೆ ಬಿಳಿ ಪಂಚೆಯೋ ಶರ್ಟಿನ ಕಾಲರೋ ಆ ಕೆಲಸ ಮಾಡುತ್ತದೆ. ಫೋಟೊಗ್ರಾಫರ್ ರಾ ಫೈಲ್ ಇಟ್ಟುಕೊಂಡಿದ್ದರೆ ಈ ತಿದ್ದುಪಡಿ ಸಲೀಸು. ಜೆಪೆಗ್ ಮಾತ್ರ ಇದ್ದರೆ ಜಾಸ್ತಿ ಎಳೆದಷ್ಟೂ ಬಣ್ಣ ಕೆಡುತ್ತದೆ.

ಕೆಲವನ್ನು ಕೇಳಿ ಪ್ರಯೋಜನವಿಲ್ಲ. ಫ್ಲ್ಯಾಶ್ ಹೊಡೆದು ನೆಕ್ಲೇಸಿನ ಚಿನ್ನ ಬರೀ ಬಿಳಿ ಮಚ್ಚೆಯಾಗಿದ್ದರೆ ಅಲ್ಲಿ ಕೆತ್ತನೆಯ ಗುರುತೇ ಉಳಿದಿರುವುದಿಲ್ಲ, ತರುವುದೆಲ್ಲಿಂದ? ಕನ್ನಡಕದ ಹೊಳಪು ಕಣ್ಣನ್ನು ಪೂರ್ತಿ ಮುಚ್ಚಿದ್ದರೂ ಅದೇ ಪಾಡು. ಅದೇ ಭಂಗಿಯ ಇನ್ನೊಂದು ಫೋಟೊದಿಂದ ಕಣ್ಣು ತಂದು ಕೂರಿಸಬೇಕಾಗುತ್ತದೆ. ತೆಗೆಸುವಾಗಲೇ ಕನ್ನಡಕ ತೆಗೆದು, ತಲೆ ಅಲುಗಿಸದೆ ಇನ್ನೊಂದು ಕ್ಲಿಕ್ ಮಾಡಿಸಿಕೊಂಡಿದ್ದರೆ ಈ ಪಾಡಿಲ್ಲ. ಇನ್ನು ಹತ್ತಿರದಿಂದ ತೆಗೆದದ್ದಕ್ಕೆ ಮೂಗು ದಪ್ಪ ಕಂಡರೆ ತಪ್ಪು ಮೂಗಿನದಲ್ಲ, ದೂರದ್ದು. ಮೂಗು ಕೊರೆಸುವ ಬದಲು ಸ್ವಲ್ಪ ದೂರದಿಂದ ತೆಗೆದ ಫೋಟೊ ಆರಿಸಿಕೊಳ್ಳಿ.

ತಿದ್ದಿದ ಫೋಟೊ ಬಂದ ಮೇಲೆ ದೊಡ್ಡದು ಮಾಡಿ ನೋಡಿ. ಕೆನ್ನೆಯ ಸಣ್ಣ ರಂಧ್ರಗಳು ಕಾಣದೆ ಮೇಣದಂತಿದ್ದರೆ ನುಣುಪು ಅತಿಯಾಗಿದೆ. ಮುಖಕ್ಕೂ ಕುತ್ತಿಗೆಗೂ ಕೈಗೂ ಬಣ್ಣ ತಾಳೆಯಾಗದಿದ್ದರೆ ಮುಖ ಮಾತ್ರ ತಿಳಿ ಮಾಡಿದ್ದಾರೆ. ಸೊಂಟದ ಪಕ್ಕ ಬಾಗಿಲ ಚೌಕಟ್ಟು ಅಥವಾ ಸೀರೆಯ ಜರಿ ಅಂಚು ಸುಮ್ಮಸುಮ್ಮನೆ ಬಾಗಿದ್ದರೆ ಅಲ್ಲಿ ಮೈ ಒಳಗೆ ತಳ್ಳಿದ್ದಾರೆ ಎಂದೇ ಅರ್ಥ. ಈ ಪರೀಕ್ಷೆಗೆ ಇಮೇಲಿನಲ್ಲಿ ಬಂದ ಮೂಲ ಗಾತ್ರದ ಫೈಲೇ ಬೇಕು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊವಾಗಿ ಬಂದದ್ದು ಕುಗ್ಗಿ ಮಸುಕಾಗಿರುತ್ತದೆ, ಚರ್ಮ ನುಣುಪು ಮಾಡಿದ್ದಾರೋ ಬಿಟ್ಟಿದ್ದಾರೋ ಅದರಲ್ಲಿ ಗೊತ್ತಾಗುವುದಿಲ್ಲ.